ಅಕ್ಕಿ ನೆನೆಹಾಕುವ ದಿನವೇ ವೀಡಿಯೊ ಪಟ್ಟಿಯ ಮೊದಲ ಅಂಕಣವಾಗಲಿ



ಕಳೆದ ನವೆಂಬರಿನ ಮೊದಲ ಗುರುವಾರ ನಮ್ಮ ಬಳಗದ ಕುಟುಂಬವೊಂದು ಇಲ್ಲಿನ ರೈಲು ನಿಲ್ದಾಣದ ಬಳಿ 36 ಆಸನಗಳ ಪುಟ್ಟ ಉಪಾಹಾರ ಗೃಹವನ್ನು ತೆರೆದದ್ದು ನಿಮಗೆಲ್ಲ ಗೊತ್ತೇ ಇದೆ. ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ನ ಈ ಊರಿನಲ್ಲಿ ಉತ್ತರ ಭಾರತದ ಊಟ ಸಿಗುವ ಅಂಗಡಿಗಳಿಗೆ ಕೊರತೆಯಿಲ್ಲ. ಆದರೆ ಬೆಳಗಿನ ದೋಸೆ, ಮಧ್ಯಾಹ್ನದ ಬಿಸಿಬೇಳೆಬಾತ್ ಒಂದೇ ಕಡೆ ಸಿಗುವ ಜಾಗ ಇದೇ ಮೊದಲು. ಅವರ ಮೊದಲ ತಿಂಗಳ ಕಿರುವೀಡಿಯೊಗಳ ಹೊಣೆಯನ್ನು ಬಳಗದ ಸ್ವಯಂಸೇವಕರಾದ ನಾವು ಐವರು ಸಂತೋಷದಿಂದಲೇ ಹೊತ್ತುಕೊಂಡೆವು. ಮೊದಲ ಮೂರು ದಿನಗಳಲ್ಲಿ ನಾವು ಮಾಡಿದ್ದು ಆ ಕುಟುಂಬಕ್ಕೆ ಉಪಕಾರವಾಯಿತೋ ಅಪಕಾರವಾಯಿತೋ ಎಂಬ ಪ್ರಶ್ನೆ ಇನ್ನೂ ನಮ್ಮನ್ನು ಬಿಟ್ಟಿಲ್ಲ. ಬಳಗದ ಇನ್ನೆರಡು ಕುಟುಂಬಗಳು ಇದೇ ಸಾಹಸಕ್ಕೆ ಸಿದ್ಧವಾಗುತ್ತಿರುವುದರಿಂದ, ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಬರೆದಿಡುವುದು ಒಳಿತೆಂದು ತೋರಿತು.

ನಮ್ಮ ಮೊದಲ ಪಟ್ಟಿಯಲ್ಲಿ 30 ವೀಡಿಯೊಗಳಿದ್ದವು, ದಿನಕ್ಕೊಂದರಂತೆ. ನಮ್ಮಲ್ಲಿ ಕಿರಿಯರೊಬ್ಬರು ಅದನ್ನು ಬಣ್ಣಬಣ್ಣದ ಚೌಕಗಳಲ್ಲಿ ಬಹಳ ಅಂದವಾಗಿ ಸಿದ್ಧಪಡಿಸಿದ್ದರು. ಸೋಮವಾರ ತಿಂಡಿಯ ಪರಿಚಯ, ಮಂಗಳವಾರ ಅಡುಗೆಮನೆಯ ನೋಟ, ಬುಧವಾರ ಗ್ರಾಹಕರ ಮಾತು, ಹೀಗೆ ಪ್ರತಿ ದಿನಕ್ಕೂ ಒಂದು ಶೀರ್ಷಿಕೆಯಿತ್ತು. ಆ ಪಟ್ಟಿಯಲ್ಲಿ ಇಲ್ಲದಿದ್ದದ್ದು ಒಂದೇ: ಅಂದಂದು ಅಡುಗೆಮನೆಯಲ್ಲಿ ಏನು, ಎಷ್ಟು, ಯಾರ ಕೈಯಿಂದ ಸಿದ್ಧವಾಗುತ್ತದೆ ಎಂಬ ಮಾತು. ನಾವು ಫೋನನ್ನು ಎದುರಿಗಿಟ್ಟುಕೊಂಡು ಪಟ್ಟಿ ಬರೆದೆವು. ಅಡುಗೆಮನೆಯನ್ನು ಎದುರಿಗಿಟ್ಟುಕೊಂಡು ಬರೆಯಬೇಕಾಗಿತ್ತು.

ನಡೆದದ್ದು ಹೀಗೆ. ಗುರುವಾರ ನಾಮಫಲಕದ ವೀಡಿಯೊ ಹೋಯಿತು. ಶುಕ್ರವಾರ ಸಂಜೆ ಮಸಾಲೆ ದೋಸೆಯದು ಹೋಯಿತು. 21 ಸೆಕೆಂಡುಗಳ ಆ ವೀಡಿಯೊ ನಿಜಕ್ಕೂ ಚೆನ್ನಾಗಿತ್ತು, ಅದರ ಮಾತಿಗೆ ಮುಂದೆ ಬರುತ್ತೇವೆ. ಬಳಗದ ವಾಟ್ಸಾಪ್ ಗುಂಪಿನಲ್ಲಿ ಅದು ಒಂದು ಗಂಟೆಯೊಳಗೆ ಎಲ್ಲರ ಕೈ ಸೇರಿತು. ಮರುದಿನ, ಶನಿವಾರ, ಹನ್ನೆರಡು ಗಂಟೆಗೆ ಬಾಗಿಲು ತೆರೆಯುವ ಮೊದಲೇ ಸಾಲು ನಿಂತಿತ್ತು. ಆ ಸಾಲನ್ನು ಕಂಡು ನಾವು ಹಿಗ್ಗಿದೆವು, ಅದನ್ನೂ ಚಿತ್ರೀಕರಿಸಿ ಅಲ್ಲಿಂದಲೇ ಹಾಕಿದೆವು. ಒಂದೂ ಮುಕ್ಕಾಲಕ್ಕೆ ಒಳಗಿನಿಂದ ಅಕ್ಕ ಬಂದು, "ಇನ್ನು ದೋಸೆ ಇಲ್ಲ, ಹಿಟ್ಟು ಮುಗಿಯಿತು" ಎಂದರು. ಆಗಲೂ ಹೊರಗೆ ಮೂವತ್ತಕ್ಕೂ ಹೆಚ್ಚು ಜನ ನಿಂತಿದ್ದರು.

ಲೆಕ್ಕ ಬಹಳ ಸರಳ. ನಾವು ಮೊದಲೇ ಕೇಳಿದ್ದರೆ ಅಕ್ಕ ಬೆರಳಲ್ಲೇ ಎಣಿಸಿ ಹೇಳುತ್ತಿದ್ದರು. ಅವರ ಕಾವಲಿಯ ಮೇಲೆ ಒಮ್ಮೆಗೆ ಮೂರು ದೋಸೆ ಹಿಡಿಯುತ್ತವೆ. ಹುಯ್ದು, ಪಲ್ಯವಿಟ್ಟು, ಮಡಿಸಿ ತೆಗೆಯಲು ನಾಲ್ಕು ನಿಮಿಷ ಬೇಕು. ಅಂದರೆ ಗಂಟೆಗೆ 45 ದೋಸೆ. ಮಧ್ಯೆ ಕೈ ಎಷ್ಟು ಚುರುಕಾದರೂ ಇದಕ್ಕಿಂತ ಬಹಳ ಹೆಚ್ಚಾಗದು. ಹನ್ನೆರಡರಿಂದ ಮೂರರವರೆಗೆ ಕಾವಲಿ ಒಂದು ನಿಮಿಷವೂ ಬಿಡುವಿಲ್ಲದೆ ದುಡಿದರೆ 135. ಅದು ಕಾವಲಿಯ ಮಿತಿ. ಹಿಟ್ಟಿನ ಮಿತಿ ಬೇರೆಯೇ. ಒಂದು ದೋಸೆಗೆ ಸುಮಾರು 120 ಗ್ರಾಂ ಹಿಟ್ಟು ಹಿಡಿಯುತ್ತದೆ. ಅಕ್ಕಿ ಉದ್ದು ಸೇರಿ ಒಂದು ಕಿಲೋ ನೆನೆಹಾಕಿದರೆ ಎರಡೂವರೆ ಕಿಲೋದಷ್ಟು ಹಿಟ್ಟಾಗುತ್ತದೆ. ಆ ವಾರ ಅವರು ನೆನೆಹಾಕಿದ್ದು ನಾಲ್ಕು ಕಿಲೋಕ್ಕಿಂತ ತುಸು ಕಡಿಮೆ, ಅಂದರೆ 80 ದೋಸೆಗೆ ಸಾಲುವಷ್ಟು. ಒಂದೂ ಮುಕ್ಕಾಲರ ಹೊತ್ತಿಗೆ ಸರಿಯಾಗಿ ಅಷ್ಟೇ ದೋಸೆ ಹೋಗಿದ್ದವು.

ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಗಡಿಯಾರದ್ದು. ನವೆಂಬರಿನ ಚಳಿಯಲ್ಲಿ, ರಾತ್ರಿ ಬಾಗಿಲು ಹಾಕಿದ ಮೇಲೆ ತಣ್ಣಗಾಗುವ ಅಡುಗೆಮನೆಯಲ್ಲಿ, ಹಿಟ್ಟು ಊರಿನಲ್ಲಿ ಹುದುಗಿದಂತೆ ಎಂಟು ಗಂಟೆಯಲ್ಲಿ ಹುದುಗುವುದಿಲ್ಲ. ಗುರುವಾರ ಮಧ್ಯಾಹ್ನ ಎರಡಕ್ಕೆ ನೆನೆಹಾಕಿ, ಸಂಜೆ ಏಳಕ್ಕೆ ರುಬ್ಬಿ, ಬೆಚ್ಚಗಿನ ಮೂಲೆಯಲ್ಲಿಟ್ಟರೆ ಅದು ಉಬ್ಬಿ ಬರುವುದು ಶುಕ್ರವಾರ ಹನ್ನೊಂದರ ಹೊತ್ತಿಗೆ. ಆಮೇಲೆ ಅದನ್ನು ಫ್ರಿಜ್ಜಿಗೆ ಸರಿಸಿ ಶನಿವಾರಕ್ಕೆ ಇಟ್ಟುಕೊಳ್ಳುತ್ತಾರೆ. ಹಾಗಾದರೆ ಶನಿವಾರ ಎಷ್ಟು ಜನರಿಗೆ ದೋಸೆ ಸಿಗುತ್ತದೆ ಎಂಬುದು ಗುರುವಾರ ಮಧ್ಯಾಹ್ನ ಎರಡು ಗಂಟೆಗೇ ನಿಶ್ಚಯವಾಗಿಬಿಟ್ಟಿರುತ್ತದೆ. ಶುಕ್ರವಾರ ಸಂಜೆ ಹಾಕಿದ ನಮ್ಮ ವೀಡಿಯೊ ಜನರನ್ನು ಕರೆತರಬಲ್ಲದಾಗಿತ್ತು. ಒಂದು ಸೌಟು ಹಿಟ್ಟನ್ನೂ ಅದು ಹೆಚ್ಚಿಸಲಾರದಾಗಿತ್ತು.

ಇನ್ನೂ ನೋವಿನ ಸಂಗತಿಯೊಂದಿದೆ. ಆ ಶನಿವಾರ ಬಂದವರು ಯಾರು? ಬಹುಪಾಲು ನಾವೇ. ಮೂವತ್ತು ಮೈಲಿ ಸುತ್ತಿನ ಕನ್ನಡ ಕುಟುಂಬಗಳು, ನಂಟರು, ನೆಂಟರ ಸ್ನೇಹಿತರು. ಪ್ರೀತಿಯಿಂದ ಬಂದರು, ಪ್ರೀತಿಯಿಂದಲೇ ಒಂದೊಂದು ಮೇಜಿನಲ್ಲಿ ಒಂದೂವರೆ ಗಂಟೆ ಕುಳಿತು ಹರಟಿದರು. ಅದೇ ಬೀದಿಯಲ್ಲಿ ವಾಸಿಸುವ, ವರ್ಷವಿಡೀ ಗಿರಾಕಿಗಳಾಗಬಹುದಾಗಿದ್ದ ಊರಿನ ಜನ ಬಾಗಿಲಲ್ಲಿ ನಿಂತು ಹಿಂದಿರುಗಿದರು. ಅವರಲ್ಲಿ ಇಬ್ಬರು ಅಂದು ರಾತ್ರಿಯೇ ಗೂಗಲ್‌ನಲ್ಲಿ ಎರಡು ನಕ್ಷತ್ರ ಕೊಟ್ಟು, ದೋಸೆಯ ಅಂಗಡಿಯಲ್ಲಿ ದೋಸೆ ಇರಲಿಲ್ಲವೆಂದು ಬರೆದರು. ಅದು ಸುಳ್ಳೂ ಅಲ್ಲ, ಅನ್ಯಾಯವೂ ಅಲ್ಲ. ತೆರೆದು ಮೂರನೆಯ ದಿನಕ್ಕೆ ಒಟ್ಟು ಏಳು ಅಭಿಪ್ರಾಯಗಳಿರುವಾಗ ಎರಡು ನಕ್ಷತ್ರದ ಎರಡು ಸಾಲುಗಳು ಎಷ್ಟು ಭಾರವಾಗುತ್ತವೆ ಎಂಬುದನ್ನು ಅಂಗಡಿ ನಡೆಸಿದವರೇ ಬಲ್ಲರು. ಮುಂದಿನ ಮಂಗಳವಾರ ಮಧ್ಯಾಹ್ನ ಊಟಕ್ಕೆ ಬಂದವರು 11 ಜನ.

ಅದೇ ಮಂಗಳವಾರ ದೋಸೆಯ ವೀಡಿಯೊವನ್ನು 38,000 ಬಾರಿ ಜನ ನೋಡಿದ್ದರು! ನಾವು ಅದನ್ನು ಅಣ್ಣನಿಗೆ ಹೆಮ್ಮೆಯಿಂದ ತೋರಿಸಿದೆವು. ಅವರು ಖಾಲಿ ಮೇಜುಗಳ ಕಡೆಗೊಮ್ಮೆ ನೋಡಿ, "ಇವರೆಲ್ಲ ಎಲ್ಲಿದ್ದಾರೆ ಮಾರಾಯರೇ?" ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ವೃತ್ತಿಪರ ಖಾತೆಯಿದ್ದರೆ ಇನ್‌ಸ್ಟಾಗ್ರಾಂ ತನ್ನ ಅಂಕಿಅಂಶದ ಪುಟದಲ್ಲಿ ನೋಡುಗರು ಯಾವ ಊರಿನವರೆಂಬುದನ್ನು ತೋರಿಸುತ್ತದೆ. ತೆರೆದು ನೋಡಿದೆವು: ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಆಮೇಲೆ ಲಂಡನ್. ನಮ್ಮ ಊರಿನ ಹೆಸರು ಐದನೆಯದು. ಬೆಂಗಳೂರಿನ ಬಸವನಗುಡಿಯಲ್ಲಿ ಕುಳಿತವರು ಈ ದೋಸೆಯನ್ನು ಮೆಚ್ಚಿಕೊಂಡರೆ ನಮಗೆ ಸಂತೋಷವೇ, ಆದರೆ ಅವರಿಗೆ ಮಂಗಳವಾರ ಮಧ್ಯಾಹ್ನದ ಊಟಕ್ಕೆ ಇಲ್ಲಿಗೆ ಬರಲಾಗದು, ಬರುವ ಅಗತ್ಯವೂ ಇಲ್ಲ.

ಹೀಗೇಕಾಯಿತು? ನಾವೇ ಮಾಡಿಕೊಂಡದ್ದು. ವೀಡಿಯೊ ಹಾಕಿದ ಮೊದಲ ಗಂಟೆಗಳಲ್ಲಿ ನಾವೆಲ್ಲ ಅದನ್ನು ಊರಿನ ತಂಗಿಗೆ, ಭಾವನಿಗೆ, ಕಾಲೇಜಿನ ಗೆಳೆಯರಿಗೆ ಕಳಿಸಿದೆವು. ಅವರು ನೋಡಿದರು, ಮೆಚ್ಚಿದರು, ಹಂಚಿದರು. ಯಾರು ಮೆಚ್ಚುತ್ತಾರೋ ಅವರಂಥವರಿಗೇ ಇನ್ನಷ್ಟು ತೋರಿಸುವುದು ಈ ವೇದಿಕೆಗಳ ರೀತಿ. ಮೇಲಿನ ಬರಹ ಕನ್ನಡದಲ್ಲಿತ್ತು, ಜೊತೆಗಿದ್ದ ಹ್ಯಾಶ್‌ಟ್ಯಾಗ್‌ಗಳಲ್ಲಿ ಬೆಂಗಳೂರಿನ ಹೆಸರಿತ್ತು, ನಮ್ಮ ಊರಿನ ಹೆಸರು ವೀಡಿಯೊದಲ್ಲಿ ಎಲ್ಲಿಯೂ ಇರಲಿಲ್ಲ. ಇದು ಯಾರಿಗೆ ಬೇಕಾದ ವೀಡಿಯೊ ಎಂದು ಆ ಯಂತ್ರಕ್ಕೆ ನಾವೇ ತಪ್ಪಾಗಿ ಹೇಳಿಕೊಟ್ಟೆವು.

ಆ ಭಾನುವಾರವೇ ಹಿಟ್ಟಿನ ವಿಷಯಕ್ಕಾಗಿ ಪಟ್ಟಿಯನ್ನು ಹರಿದು ಹಾಕಿದ್ದೆವು. ಬುಧವಾರ ಸಂಜೆ ಐವರೂ ಅಕ್ಕನನ್ನೂ ಅಣ್ಣನನ್ನೂ ಕೂರಿಸಿಕೊಂಡು ಹೊಸದನ್ನು ಬರೆದೆವು. ಮೊದಲ ತೀರ್ಮಾನವೇ ಸಂಖ್ಯೆಯದು. ಒಂದು ಕಿರುವೀಡಿಯೊಗೆ ಚಿತ್ರೀಕರಣ, ಕತ್ತರಿಸಿ ಜೋಡಿಸುವುದು, ಅಕ್ಷರ ಹಾಕುವುದು, ಆಮೇಲೆ ಬರುವ ಪ್ರಶ್ನೆಗಳಿಗೆ ಉತ್ತರಿಸುವುದು ಎಲ್ಲ ಸೇರಿ ನಮಗೆ ಎರಡೂವರೆ ಗಂಟೆ ತಗಲುತ್ತಿತ್ತು. 30 ವೀಡಿಯೊ ಎಂದರೆ 75 ಗಂಟೆ. ಕೆಲಸ, ಮಕ್ಕಳು, ರಾಜ್ಯೋತ್ಸವದ ತಯಾರಿ ಇರುವ ಐವರಿಗೆ ಅದು ಆಗದ ಮಾತು. ಆದರೂ ಮಾಡುತ್ತೇವೆಂದು ಹೊರಟರೆ ಎರಡನೆಯ ವಾರದಿಂದ ಹುರುಪಿಲ್ಲದ, ಒಂದೇ ಬಗೆಯ ವೀಡಿಯೊಗಳು ಬರುತ್ತವೆ. ಹೋದ ಮೂರನ್ನು ಬಿಟ್ಟು ಇನ್ನು ಒಂಬತ್ತು, ಒಟ್ಟು 12 ಎಂದು ನಿಲ್ಲಿಸಿದೆವು. ಅಂದವಾದ ಪಟ್ಟಿ ಮಾಡಿದ್ದ ಕಿರಿಯ ಮಿತ್ರರಿಗೆ ಬೇಸರವಾಯಿತು, ಅದನ್ನು ಮರೆಮಾಚುವುದಿಲ್ಲ. ದಿನವೂ ಕಾಣಿಸಿಕೊಳ್ಳದಿದ್ದರೆ ಜನ ಮರೆಯುತ್ತಾರೆಂಬುದು ಅವರ ವಾದ. ಅದರಲ್ಲೂ ಸತ್ಯವಿದೆ. ಅದಕ್ಕಾಗಿ ದಿನದ ತಿಂಡಿಯ ಒಂದು ಚಿತ್ರವನ್ನು ಇಪ್ಪತ್ನಾಲ್ಕು ಗಂಟೆಯಲ್ಲಿ ಮಾಯವಾಗುವ ಸ್ಟೋರಿಯಲ್ಲಿ ಹಾಕುವ ಕೆಲಸವನ್ನು ಅವರಿಗೇ ಒಪ್ಪಿಸಿದೆವು. ಅದಕ್ಕೆ ಎರಡು ನಿಮಿಷ ಸಾಕು.

ಎರಡನೆಯ ತೀರ್ಮಾನವೇ ಈ ಲೇಖನದ ಶೀರ್ಷಿಕೆ. ಹೊಸ ಪಟ್ಟಿಯ ಎಡಗಡೆಯ ಮೊದಲ ಅಂಕಣದಲ್ಲಿ ವೀಡಿಯೊದ ಹೆಸರಿರಲಿಲ್ಲ, ಅಕ್ಕಿ ನೆನೆಹಾಕುವ ದಿನ ಮತ್ತು ಕಿಲೋ ಇದ್ದವು. ಅದರ ಪಕ್ಕದಲ್ಲಿ ಅಂದು ಕಾವಲಿಯ ಮುಂದೆ ಯಾರು ನಿಲ್ಲುತ್ತಾರೆ ಎಂಬುದು. ಮೂರನೆಯ ಅಂಕಣದಲ್ಲಿ ಯಾವ ಹೊತ್ತು ಮೇಜುಗಳು ಖಾಲಿಯಿರುತ್ತವೆ ಎಂಬುದು. ಇವು ತುಂಬಿದ ಮೇಲೆಯೇ ವೀಡಿಯೊ. ಹೀಗೆ ಬರೆದೊಡನೆ ಪಟ್ಟಿ ತಾನಾಗಿಯೇ ಬದಲಾಯಿತು. ಶನಿವಾರಕ್ಕೆ ಜನರನ್ನು ಕರೆಯುವ ಅಗತ್ಯವೇ ಇಲ್ಲವೆಂಬುದು ಕಂಡಿತು, ಅದು ಹೇಗೂ ತುಂಬುತ್ತದೆ. ಖಾಲಿಯಿರುವುದು ಮಂಗಳ, ಬುಧ, ಗುರುವಾರಗಳ ಮಧ್ಯಾಹ್ನ ಮತ್ತು ಮೂರರಿಂದ ಐದರವರೆಗಿನ ಕಾಫಿಯ ಹೊತ್ತು. ದೋಸೆಯ ವೀಡಿಯೊ ನೋಡಲು ಎಷ್ಟೇ ಸೊಗಸಾದರೂ, ಹಿಗ್ಗಿಸಲಾಗದ ತಿಂಡಿಯನ್ನು ಮೊದಲ ವಾರದಲ್ಲಿ ಮುಂದಿಡುವುದು ತಪ್ಪು. ಬಿಸಿಬೇಳೆಬಾತ್ ಹಾಗಲ್ಲ. ಬೆಳಗ್ಗೆ ಒಂಬತ್ತಕ್ಕೆ ಒಲೆ ಹಚ್ಚಿದರೆ ಹನ್ನೊಂದರೊಳಗೆ ನಲವತ್ತು ತಟ್ಟೆಗಾಗುವಷ್ಟು ಒಂದು ಪಾತ್ರೆ ಸಿದ್ಧ. ಜನ ಹೆಚ್ಚು ಬರುವಂತೆ ಕಂಡರೆ ಇನ್ನೊಂದು ಪಾತ್ರೆಗೆ ಇನ್ನೂ ಸಮಯವಿರುತ್ತದೆ. ಚಿತ್ರಾನ್ನ, ಪುಳಿಯೋಗರೆಗಳ ಕಥೆಯೂ ಇದೇ. ಮೊದಲ ತಿಂಗಳ ವೀಡಿಯೊಗೆ ನಾಯಕರು ಇವೇ ಆಗಬೇಕು ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಹಾಗಾಗಿ ಎರಡನೆಯ ವಾರದಿಂದ ಸೋಮವಾರ ರಾತ್ರಿ ಎಂಟಕ್ಕೆ ಅನ್ನದ ತಿಂಡಿಯ ಒಂದು ವೀಡಿಯೊ ಹೋಯಿತು. ಅದರ ಕೊನೆಯಲ್ಲಿ ಹನ್ನೆರಡರಿಂದ ಎರಡರವರೆಗೆ ಎಂಬ ಸಮಯ, ಬೆಲೆ, ಬೀದಿಯ ಹೆಸರು. ಬುಧವಾರ ನಿಲ್ದಾಣದ ಬಾಗಿಲಿನಿಂದ ಅಂಗಡಿಯ ಬಾಗಿಲಿನವರೆಗೆ ನಡೆದು ಬರುವ ದಾರಿಯನ್ನು, ಕಾರು ನಿಲ್ಲಿಸುವ ಜಾಗವನ್ನು ತೋರಿಸುವ 25 ಸೆಕೆಂಡಿನ ವೀಡಿಯೊ ಹಾಕಿದೆವು. ಕಲೆಯ ದೃಷ್ಟಿಯಿಂದ ಅದು ಅತ್ಯಂತ ನೀರಸವಾದದ್ದು, ಮೆಚ್ಚುಗೆಯೂ ಅದಕ್ಕೆ ಅತಿ ಕಡಿಮೆ. ಆದರೆ ಜನ ಉಳಿಸಿಟ್ಟುಕೊಂಡದ್ದು ಅದನ್ನೇ ಹೆಚ್ಚು. ಗೂಗಲ್‌ನ ಅಂಗಡಿಯ ಪುಟಕ್ಕೂ ಅದನ್ನೇ ಏರಿಸಿದೆವು. ಅಲ್ಲಿ 30 ಸೆಕೆಂಡಿನವರೆಗಿನ ವೀಡಿಯೊಗಷ್ಟೇ ಅವಕಾಶವಿರುವುದರಿಂದ, ಉದ್ದವನ್ನು ಮೊದಲೇ ಹೊಂದಿಸಿಕೊಂಡಿದ್ದರೆ ಎರಡು ಸಲ ಕತ್ತರಿಸುವ ಕೆಲಸ ಉಳಿಯುತ್ತದೆ.

ಮೂರನೆಯ ವಾರದ ಗುರುವಾರ ಸಂಜೆ ದೋಸೆಯನ್ನು ಮತ್ತೆ ತೋರಿಸಿದೆವು. ಆ ದಿನವನ್ನು ಆರಿಸಿದ್ದಕ್ಕೆ ಎರಡು ಕಾರಣ. ಅಂದು ಮಧ್ಯಾಹ್ನ ಏಳು ಕಿಲೋ ನೆನೆಹಾಕಿಯಾಗಿತ್ತು, ಶನಿವಾರಕ್ಕೆ ಎರಡನೆಯ ಕಾವಲಿಗೆ ಒಬ್ಬ ಸಹಾಯಕರೂ ಗೊತ್ತಾಗಿದ್ದರು. ಇನ್ನೊಂದು ಕಾರಣ, ಆ ಶನಿವಾರ ನಮ್ಮ ರಾಜ್ಯೋತ್ಸವ. ಬಳಗದವರೆಲ್ಲ ಸಭಾಂಗಣದಲ್ಲಿ ಇರುತ್ತೇವೆ, ಮೇಜುಗಳು ಊರಿನವರಿಗೆ ಸಿಗುತ್ತವೆ. ವೀಡಿಯೊದ ಮೊದಲ ಮಾತಿನಲ್ಲೇ ಊರಿನ ಹೆಸರನ್ನಿಟ್ಟು, ಸ್ಥಳದ ಗುರುತು ಹಾಕಿ, ಮೇಲ್ಬರಹವನ್ನು ಇಂಗ್ಲಿಷಿನಲ್ಲಿ ಬರೆದೆವು. ಐದು ಮೈಲಿ ಸುತ್ತಳತೆಗೆ ಸೀಮಿತಗೊಳಿಸಿ ನಾಲ್ಕು ದಿನ, ದಿನಕ್ಕೆ ಐದು ಪೌಂಡಿನಂತೆ ಜಾಹೀರಾತಿಗೂ ಕೊಟ್ಟೆವು. ಅದನ್ನು ನೋಡಿದವರು ಒಟ್ಟು 2,100. ಊರುಗಳ ಪಟ್ಟಿಯಲ್ಲಿ ಮೊದಲನೆಯದು ನಮ್ಮದು. ಆ ಶನಿವಾರ 118 ದೋಸೆ ಹೋದವು, ಮೂರು ಗಂಟೆಗೂ ಹಿಟ್ಟಿತ್ತು.

ಕನ್ನಡವನ್ನು ಬಿಟ್ಟೆವೇ ಎಂದು ಕೆಲವರು ಕೇಳಿದ್ದಾರೆ. ಬಿಡಲಿಲ್ಲ. ವೀಡಿಯೊದಲ್ಲಿ ಕೇಳುವ ದನಿ ಅಕ್ಕನದೇ, ಅವರ ಕುಂದಾಪುರದ ಕನ್ನಡವೇ. ತೆರೆಯ ಮೇಲಿನ ಅಕ್ಷರ ಮಾತ್ರ ಇಂಗ್ಲಿಷು. ಎಷ್ಟೋ ಮಂದಿ ಫೋನಿನ ದನಿ ಮುಚ್ಚಿಕೊಂಡೇ ನೋಡುವುದರಿಂದ ಅಕ್ಷರ ಹೇಗೂ ಬೇಕು. ಅರ್ಥವಾಗದಿದ್ದರೂ ಒಂದು ಮನೆಯ ಭಾಷೆ ಕಿವಿಗೆ ಬೀಳುವುದು ತಮಗೆ ಹಿಡಿಸಿತೆಂದು ಪಕ್ಕದ ಬೀದಿಯ ವೃದ್ಧರೊಬ್ಬರು ಹೇಳಿದ್ದನ್ನು ಅಕ್ಕ ಈಗಲೂ ನೆನೆಯುತ್ತಾರೆ.

ಚಿತ್ರೀಕರಣದ ಕೆಲವು ಮಾತುಗಳನ್ನೂ ಹೇಳಿಬಿಡುತ್ತೇವೆ, ನಾವು ಎಡವಿ ಕಲಿತದ್ದರಿಂದ. ನಮ್ಮ ಮೊದಲ ತುಣುಕುಗಳಲ್ಲಿ ಗೋಡೆಯ ಬೆಳಕು ಪಟಪಟನೆ ಮಿಣುಕುತ್ತಿತ್ತು. ದೀಪ ಕೆಟ್ಟಿದೆಯೆಂದೇ ಬಗೆದೆವು. ಕಾರಣ ಬೇರೆ. ಇಲ್ಲಿನ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು, ಫೋನು 30 ಫ್ರೇಮಿನಲ್ಲಿ ತೆಗೆಯುತ್ತಿತ್ತು. 25 ಫ್ರೇಮಿಗೆ ಬದಲಿಸಿದೊಡನೆ ಮಿಣುಕು ಹೋಯಿತು. ಎರಡನೆಯದು ಮಸುಕು. ಅಡುಗೆಮನೆಯಲ್ಲಿ ಹತ್ತು ನಿಮಿಷ ಇದ್ದರೆ ಫೋನಿನ ಕಣ್ಣಿಗೆ ಎಣ್ಣೆಯ ತೆಳುಪದರ ಕೂರುತ್ತದೆ. ಪ್ರತಿ ಬಾರಿಯೂ ಮೆತ್ತನೆಯ ಬಟ್ಟೆಯಿಂದ ಒರೆಸದಿದ್ದರೆ ಯಾವ ದುಬಾರಿ ಫೋನೂ ಮಂಜಿನಲ್ಲಿ ತೆಗೆದಂತೆ ತೆಗೆಯುತ್ತದೆ. ನವೆಂಬರಿನಲ್ಲಿ ನಾಲ್ಕೂವರೆಗೆ ಕತ್ತಲು. ಹತ್ತರಿಂದ ಎರಡರವರೆಗೆ ಕಿಟಕಿಯ ಬಳಿಯ ಮೇಜೊಂದೇ ನಮ್ಮ ಸ್ಟುಡಿಯೊ. ತಟ್ಟೆಯ ಹಿಂದಿನಿಂದ, ತುಸು ಓರೆಯಾಗಿ ಬೆಳಕು ಬಿದ್ದರೆ ಮಾತ್ರ ಹಬೆ ಕಾಣಿಸುತ್ತದೆ. ಎದುರಿನಿಂದ ಬಿದ್ದರೆ ಹಬೆಯೇ ಇಲ್ಲದ ತಣ್ಣನೆಯ ಬಿಸಿಬೇಳೆಬಾತ್ ಸಿಗುತ್ತದೆ!

ಇನ್ನು ಆ 21 ಸೆಕೆಂಡಿನ ದೋಸೆ. ಮೊದಲ ಎರಡು ಸೆಕೆಂಡಿನಲ್ಲಿ ಕಾದ ಕಾವಲಿಗೆ ನೀರು ಚಿಮುಕಿಸಿ ಒರೆಸುವ ಚುಯ್ ಸದ್ದು. ಹೆಸರಿಲ್ಲ, ನಮಸ್ಕಾರವಿಲ್ಲ, ಲಾಂಛನವಿಲ್ಲ. ಆಮೇಲೆ ಐದು ಸೆಕೆಂಡು ಹಿಟ್ಟು ಸುತ್ತುವ ಕೈ, ನಾಲ್ಕು ಸೆಕೆಂಡು ಬೆಣ್ಣೆ ಕರಗಿ ಅಂಚು ಕೆಂಪಾಗುವುದು, ಮೂರು ಸೆಕೆಂಡು ಪಲ್ಯ, ಮೂರು ಸೆಕೆಂಡು ಮಡಿಸುವುದು, ಕೊನೆಯ ನಾಲ್ಕರಲ್ಲಿ ಒಬ್ಬರು ಮುರಿದು ತಿನ್ನುವುದು. ಸದ್ದಿಗಾಗಿ ನಾವು ಪಟ್ಟ ಪಾಡು ಬೇರೆಯೇ. ಹೊಗೆ ಸೆಳೆಯುವ ದೊಡ್ಡ ಫ್ಯಾನಿನ ಗದ್ದಲದಲ್ಲಿ ಚುಯ್ ಎಂಬುದು ಕೇಳಿಸಲೇ ಇಲ್ಲ. ಫ್ಯಾನು ನಿಲ್ಲಿಸೋಣವೆಂದರೆ ಇಲ್ಲಿನ ವ್ಯಾಪಾರದ ಅಡುಗೆಮನೆಗಳಲ್ಲಿ ಗಾಳಿ ನಿಂತೊಡನೆ ಗ್ಯಾಸೂ ತಾನಾಗಿ ನಿಲ್ಲುವ ಏರ್ಪಾಡಿರುತ್ತದೆ, ಅದು ಜೀವ ಕಾಯುವ ಏರ್ಪಾಡು, ಮುಟ್ಟಬಾರದು. ಕೊನೆಗೆ ಅಕ್ಕನ ಮನೆಯ ಒಲೆಯ ಮೇಲೆ, ಅದೇ ಹಿಟ್ಟಿನಿಂದ, ಸದ್ದನ್ನಷ್ಟೇ ಹಿಡಿದು ತಂದು ಜೋಡಿಸಿದೆವು. ಇದು ಮೋಸವೇ ಎಂದು ನಮ್ಮಲ್ಲೇ ಚರ್ಚೆಯಾಯಿತು. ಹಿಟ್ಟೂ ಅದೇ, ಕೈಯೂ ಅದೇ ಎಂದು ಸಮಾಧಾನ ಮಾಡಿಕೊಂಡೆವು. ಹಿನ್ನೆಲೆಗೆ ನಮ್ಮ ಅಚ್ಚುಮೆಚ್ಚಿನ ಸಿನಿಮಾ ಹಾಡನ್ನು ಹಾಕಬೇಕೆಂಬ ಆಸೆ ಹಲವರದು. ವ್ಯಾಪಾರದ ವೀಡಿಯೊಗೆ ಹಕ್ಕುದಾರರ ಅನುಮತಿಯಿಲ್ಲದೆ ಅದನ್ನು ಬಳಸುವಂತಿಲ್ಲ. ವೇದಿಕೆಯೇ ಸದ್ದು ಕಿತ್ತುಹಾಕಿದರೆ ಎರಡೂವರೆ ಗಂಟೆಯ ಕೆಲಸ ಮೂಕವಾಗುತ್ತದೆ.

ಒಂದು ವೀಡಿಯೊವನ್ನು ಮಾತ್ರ ಬಿಡಲೇಬಾರದೆಂದು ಹೇಳುತ್ತೇವೆ, ಅದು ಅಲರ್ಜಿಯದು. ಬ್ರಿಟನ್ನಿನ ಕಾನೂನಿನಂತೆ ಆಹಾರದಲ್ಲಿವೆಯೇ ಎಂದು ತಿಳಿಸಲೇಬೇಕಾದ 14 ಅಲರ್ಜಿಕಾರಕಗಳಲ್ಲಿ ಸಾಸಿವೆಯೂ ಒಂದು. ಒಗ್ಗರಣೆಯಿಲ್ಲದ ನಮ್ಮ ಅಡುಗೆಯನ್ನು ಊಹಿಸಿಕೊಳ್ಳಿ! ಗೋಧಿಯಂಥ ಗ್ಲುಟೆನ್ ಇರುವ ಧಾನ್ಯಗಳೂ, ಎಳ್ಳೂ, ಕಡಲೆಕಾಯಿಯೂ, ಗೋಡಂಬಿಯೂ, ಹಾಲೂ ಆ ಪಟ್ಟಿಯಲ್ಲಿವೆ. ಮೊದಲ ಪಟ್ಟಿಯಲ್ಲಿ ನಾವು ದೋಸೆ ಸಂಪೂರ್ಣ ಗ್ಲುಟೆನ್ ಇಲ್ಲದ್ದು ಎಂಬ ವೀಡಿಯೊವೊಂದನ್ನು ಬರೆದಿಟ್ಟಿದ್ದೆವು. ಅಕ್ಕಿ, ಉದ್ದು, ಮೆಂತ್ಯ ಅಷ್ಟೇ ತಾನೆ ಎಂಬ ಧೈರ್ಯ. ಆಮೇಲೆ ಅಣ್ಣ ಇಂಗಿನ ಡಬ್ಬಿಯನ್ನು ತಿರುಗಿಸಿ ತೋರಿಸಿದರು. ಪುಡಿ ಇಂಗಿನಲ್ಲಿ ಗೋಧಿಹಿಟ್ಟು ಬೆರೆತಿರುವುದು ಸಾಮಾನ್ಯ, ಅದು ಸಾಂಬಾರಿನಲ್ಲೂ ಪಲ್ಯದಲ್ಲೂ ಇತ್ತು. ಅದೇ ಕಾವಲಿಯ ಮೇಲೆ ರವೆ ದೋಸೆಯೂ ಆಗುತ್ತಿತ್ತು. ಆ ವೀಡಿಯೊ ಹೋಗಿದ್ದರೆ ಎರಡು ನಕ್ಷತ್ರದ ಮಾತಲ್ಲ, ಯಾರದೋ ಆರೋಗ್ಯದ ಮಾತಾಗುತ್ತಿತ್ತು. ಅದರ ಬದಲು ಅಣ್ಣನೇ ನಿಂತು, ಯಾವ ತಿಂಡಿಯಲ್ಲಿ ಸಾಸಿವೆಯಿದೆ, ಯಾವುದರಲ್ಲಿ ಗೋಡಂಬಿಯಿದೆ, ಕಾವಲಿ ಒಂದೇ ಆದ್ದರಿಂದ ಯಾವ ಭರವಸೆ ಕೊಡಲಾಗದು ಎಂಬುದನ್ನು 28 ಸೆಕೆಂಡಿನಲ್ಲಿ ಹೇಳಿದರು. ಆಮೇಲೆ ಬಂದ ಗಿರಾಕಿಗಳಲ್ಲಿ ಇಬ್ಬರು ತಾಯಂದಿರು ಅದನ್ನು ನೋಡಿಯೇ ಬಂದುದಾಗಿ ಹೇಳಿದರು.

ಬಳಗದ ಸದಸ್ಯರಿಗೆ ನಮ್ಮ ಬೇಡಿಕೆ ಮೂರು, ಕೊಂಚ ನಿಷ್ಠುರವಾಗಿಯೇ ಹೇಳುತ್ತೇವೆ. ಹೊಸ ಅಂಗಡಿಯ ವೀಡಿಯೊವನ್ನು ಮೊದಲ ದಿನವೇ ಊರಿನ ನೆಂಟರ ಗುಂಪಿಗೆ ಕಳಿಸಬೇಡಿ. ಇಲ್ಲೇ ಕೆಲಸ ಮಾಡುವ ಒಬ್ಬ ಸಹೋದ್ಯೋಗಿಗೆ, ಮಗುವಿನ ಶಾಲೆಯ ಒಬ್ಬ ಪೋಷಕರಿಗೆ ಕಳಿಸಿ. ಮೊದಲ ಎರಡು ಶನಿವಾರ ಹೋಗಬೇಡಿ. ಮಂಗಳವಾರ ಹೋಗಿ, ಒಂದು ಪ್ಲೇಟು ಚಿತ್ರಾನ್ನ ತಿಂದು ಬನ್ನಿ. ತಿನ್ನದೆ ಐದು ನಕ್ಷತ್ರದ ಅಭಿಪ್ರಾಯ ಬರೆಯಬೇಡಿ. ಪ್ರೀತಿಯಿಂದ ಬರೆದರೂ ಅದು ಸುಳ್ಳೇ, 2025ರ ಏಪ್ರಿಲ್‌ನಿಂದ ಈ ದೇಶದ ಗ್ರಾಹಕ ಕಾನೂನು ಸುಳ್ಳು ಅಭಿಪ್ರಾಯಗಳನ್ನು ಹೆಸರಿಸಿಯೇ ನಿಷೇಧಿಸಿದೆ. ಆ ತಿಂಗಳು ಹಲವು ಸಾವಿರ ಹಿಂಬಾಲಕರಿರುವ ಆಹಾರ ವೀಡಿಯೊಗಾರರೊಬ್ಬರು ಎಂಟು ಜನರಿಗೆ ಉಚಿತ ಊಟ ಕೇಳಿದ್ದರು, ಜಾಹೀರಾತೆಂದು ನಮೂದಿಸಲು ಮಾತ್ರ ಅವರಿಗೆ ಮನಸ್ಸಿರಲಿಲ್ಲ. ಇಲ್ಲಿನ ನಿಯಮದಲ್ಲಿ ಉಚಿತ ಊಟವೂ ಸಂಭಾವನೆಯೇ, ಆರಂಭದಲ್ಲೇ ಸ್ಪಷ್ಟವಾಗಿ ಜಾಹೀರಾತೆಂದು ಹೇಳಬೇಕು. ಅಣ್ಣ ವಿನಯದಿಂದಲೇ ಆಗದು ಎಂದರು. ನಮಗೂ ಅದೇ ಸರಿಯೆನಿಸಿತು. ಎರಡೇ ಕಾವಲಿಯ ಅಂಗಡಿಗೆ ಅಷ್ಟು ಜನರನ್ನು ಒಂದೇ ಸಂಜೆ ಕಳಿಸಿದರೆ ಮೊದಲ ಶನಿವಾರದ ಕಥೆಯೇ ಮರುಕಳಿಸುತ್ತಿತ್ತು.

ನೋಡಿದವರ ಸಂಖ್ಯೆಯನ್ನು ನಾವು ಎಣಿಸುವುದನ್ನು ನಿಲ್ಲಿಸಿದೆವು. ಗಲ್ಲಾಪೆಟ್ಟಿಗೆಯ ಬಳಿ ಒಂದು ನೋಟುಬುಕ್ಕು ಇಟ್ಟು, ಹಣ ಕೊಡುವಾಗ ಹೇಗೆ ಗೊತ್ತಾಯಿತೆಂದು ಕೇಳಿ, ದಾರಿಯಲ್ಲಿ ಕಂಡದ್ದು, ವೀಡಿಯೊ, ಯಾರೋ ಹೇಳಿದ್ದು, ಬಳಗದವರು ಎಂಬ ನಾಲ್ಕು ಮನೆಗಳಲ್ಲಿ ಗೆರೆ ಎಳೆಯುವ ಏರ್ಪಾಡು ಮಾಡಿದೆವು. ನಾಲ್ಕನೆಯ ವಾರದ ಮಂಗಳವಾರ ಮಧ್ಯಾಹ್ನ 27 ಜನ ಬಂದಿದ್ದರು. ಅವರಲ್ಲಿ ವೀಡಿಯೊ ಎಂದವರು ಆರು. ಹೆಚ್ಚು ಗೆರೆ ಬಿದ್ದದ್ದು ಯಾರೋ ಹೇಳಿದರು ಎಂಬ ಮನೆಯಲ್ಲಿ. ಹತ್ತಿರದ ಕಚೇರಿಯ ಒಬ್ಬಾಕೆ ಬಿಸಿಬೇಳೆಬಾತ್ ತಿಂದು ಹೋಗಿ ತನ್ನ ವಿಭಾಗವನ್ನೇ ಕರೆತಂದಿದ್ದರು. ಆಕೆಗೆ ಗೊತ್ತಾದದ್ದು ಮಾತ್ರ ನಿಲ್ದಾಣದಿಂದ ನಡೆದು ಬರುವ ಆ ನೀರಸ ವೀಡಿಯೊದಿಂದ.

ಪಟ್ಟಿಯಲ್ಲಿ ಕೊನೆಯ ವಾರದ ಎರಡು ಮನೆಗಳನ್ನು ನಾವು ಬೇಕೆಂದೇ ಖಾಲಿ ಬಿಟ್ಟಿದ್ದೆವು, ಗಲ್ಲಾಪೆಟ್ಟಿಗೆಯ ಬಳಿ ಪದೇ ಪದೇ ಕೇಳಿಬರುವ ಪ್ರಶ್ನೆಗಳಿಗೆ. ಒಂದು ತುಂಬಿದ್ದು ಚಟ್ನಿಯನ್ನು ಮತ್ತೆ ಹಾಕಿಸಿಕೊಂಡರೆ ಹಣ ಕೊಡಬೇಕೇ ಎಂಬುದರಿಂದ, ಬೇಡ ಎಂಬುದು ಅಕ್ಕನ ಉತ್ತರ. ಇನ್ನೊಂದು, ದೋಸೆಯನ್ನು ಕೈಯಿಂದ ತಿನ್ನಬಹುದೇ ಎಂಬುದು. ಅದನ್ನು ಕೇಳಿದ ಹುಡುಗನೇ, ತನ್ನ ತಾಯಿಯ ಅನುಮತಿ ಪಡೆದು, ಕ್ಯಾಮೆರಾದ ಮುಂದೆ ಕೂತು ಹೇಗೆ ಮುರಿಯಬೇಕೆಂದು ಮಾಡಿ ತೋರಿಸಿದ. ಅಂದು ಬುಧವಾರ. ಮರುದಿನ ಮಧ್ಯಾಹ್ನ ಅಕ್ಕ ನಮಗೆ ಫೋನು ಮಾಡಿ ಕೇಳಿದ್ದು ಒಂದೇ ಮಾತು: "ಅದನ್ನು ಇವತ್ತು ಸಂಜೆ ಹಾಕುತ್ತೀರಾದರೆ ಈಗಲೇ ಹೇಳಿ, ಇನ್ನೆರಡು ಕಿಲೋ ಅಕ್ಕಿ ನೆನೆಹಾಕುತ್ತೇನೆ."